ಫೋನಿನಲ್ಲಿರುವ ವಿಳಾಸ ಮೇಜಿನ ಯಂತ್ರಕ್ಕೆ ಏಕೆ ಬರಲಿಲ್ಲ?

ಕಳೆದ ಮಾರ್ಚ್ ತಿಂಗಳಿನ ಒಂದು ಸಂಜೆ, ಎಂ.ಎಸ್‌ಸಿ. ಕಡೆಯ ವರ್ಷದಲ್ಲಿ ಓದುತ್ತಿರುವ ನನ್ನ ತಂಗಿಯ ಮಗಳು ಮುಖ ಚಿಕ್ಕದು ಮಾಡಿಕೊಂಡು ಮನೆಗೆ ಬಂದಳು. ಮುಂದಿನ ವ್ಯಾಸಂಗಕ್ಕಾಗಿ ಅವಳು ಸಲ್ಲಿಸಬೇಕಾಗಿದ್ದ ಅರ್ಜಿಯೊಡನೆ ಅವಳ ಸಸ್ಯಶಾಸ್ತ್ರದ ಮೇಷ್ಟರ ಶಿಫಾರಸು ಪತ್ರವೂ ಹೋಗಬೇಕಾಗಿತ್ತು. ಮೇಷ್ಟರಿಗೆ ಈಮೇಲ್ ಬರೆದು ಹನ್ನೆರಡು ದಿನಗಳಾಗಿದ್ದುವು, ಉತ್ತರವಿಲ್ಲ. ಅರ್ಜಿಯ ಕಡೆಯ ದಿನಕ್ಕೆ ನಾಲ್ಕೇ ದಿನ ಉಳಿದಿತ್ತು. ಮೇಷ್ಟರು ಹಿಂದಿನ ವರ್ಷ ನಿವೃತ್ತರಾದವರು. ಕಾಲೇಜು ಕೊಟ್ಟಿದ್ದ ಹಳೆಯ ಈಮೇಲ್ ವಿಳಾಸವನ್ನು ಅವರು ಈಗ ತೆರೆದು ನೋಡುವುದಿಲ್ಲ. ಅವರ ಹೊಸ ವಿಳಾಸ ಹುಡುಗಿಯ ಫೋನಿನಲ್ಲಿತ್ತು. ಆದರೆ ಪತ್ರವನ್ನು ಅವಳು ಬರೆದದ್ದು ತನ್ನ ಕೋಣೆಯ ಕಂಪ್ಯೂಟರಿನಲ್ಲಿ, ಥಂಡರ್‌ಬರ್ಡ್ ಎಂಬ ಮೇಲ್ ತಂತ್ರಾಂಶದಿಂದ. ಹೆಸರಿನ ಮೊದಲ ಮೂರು ಅಕ್ಷರ ಹೊಡೆದೊಡನೆ ತಂತ್ರಾಂಶವು ತಾನಾಗಿ ಒಂದು ವಿಳಾಸವನ್ನು ಮುಂದಿಟ್ಟಿತು, ಅವಳು ಒಪ್ಪಿಕೊಂಡಳು, ಪತ್ರ ಹಳೆಯ ವಿಳಾಸಕ್ಕೆ ಹೋಯಿತು.

"ಮಾಮ, ಫೋನಿನಲ್ಲಿ ಇದೆ, ನೋಡಿ. ಕಂಪ್ಯೂಟರಿನಲ್ಲಿ ಮಾತ್ರ ಬಂದಿಲ್ಲ. ಎರಡಕ್ಕೂ ಸಿಂಕ್ ಮಾಡಿದ್ದೇನಲ್ಲ!" ಎಂದಳು.

ಮೊದಲು ಮೇಷ್ಟರಿಗೆ ಫೋನು ಮಾಡೆಂದು ಹೇಳಿದೆ. ಅವರು ಆ ರಾತ್ರಿಯೇ ಪತ್ರ ಬರೆಯಲೊಪ್ಪಿದರು. ಅವಸರ ಕಳೆದ ಮೇಲೆ ಇಬ್ಬರೂ ಕುಳಿತು ಆ ವಿಳಾಸ ದಾರಿಯಲ್ಲಿ ಎಲ್ಲಿ ನಿಂತುಹೋಯಿತೆಂಬುದನ್ನು ಹುಡುಕಿದೆವು. ಆ ಹುಡುಕಾಟವನ್ನೇ ಇಲ್ಲಿ ವಿವರಿಸುತ್ತೇನೆ. ಏಕೆಂದರೆ ಇಂತಹ ತೊಂದರೆ ಬಂದಾಗ ಬಹು ಜನರು ಮಾಡುವುದು ಒಂದೇ: ಸಿಂಕ್ ಗುಂಡಿಯನ್ನು ಮತ್ತೆ ಮತ್ತೆ ಒತ್ತುವುದು, ಆಗದಿದ್ದರೆ ಖಾತೆಯನ್ನೇ ಕಿತ್ತು ಮರಳಿ ಸೇರಿಸುವುದು. ಇದರಿಂದ ಕೆಲವೊಮ್ಮೆ ಇದ್ದದ್ದೂ ಹೋಗುವುದುಂಟು.

"ಎರಡಕ್ಕೂ ಸಿಂಕ್ ಮಾಡಿದ್ದೇನೆ" ಎಂಬ ಮಾತಿನಲ್ಲಿಯೇ ಒಂದು ತಪ್ಪು ಕಲ್ಪನೆ ಅಡಗಿದೆ. ಫೋನು ಮತ್ತು ಕಂಪ್ಯೂಟರು ಒಂದರೊಡನೊಂದು ನೇರವಾಗಿ ಮಾತನಾಡುತ್ತವೆಂದು ನಾವು ಭಾವಿಸುತ್ತೇವೆ. ವಾಸ್ತವವಾಗಿ ಅವು ಮಾತನಾಡುವುದೇ ಇಲ್ಲ. ಬೇರೆಲ್ಲಿಯೋ ಒಂದು ಸರ್ವರಿನಲ್ಲಿ, ನಮ್ಮ ಖಾತೆಯ ಹೆಸರಿನಲ್ಲಿ, ವಿಳಾಸಗಳ ಮೂಲ ದಫ್ತರವಿರುತ್ತದೆ. ಫೋನು ತನ್ನ ಪ್ರತಿಯನ್ನು ಆ ದಫ್ತರದೊಡನೆ ತಾಳೆ ನೋಡಿಕೊಳ್ಳುತ್ತದೆ. ಕಂಪ್ಯೂಟರು ತನ್ನ ಪ್ರತಿಯನ್ನು ಪ್ರತ್ಯೇಕವಾಗಿ ತಾಳೆ ನೋಡಿಕೊಳ್ಳುತ್ತದೆ. ಆದುದರಿಂದ ಒಂದು ವಿಳಾಸವು ಫೋನಿನಿಂದ ಕಂಪ್ಯೂಟರಿಗೆ ಬರಬೇಕಾದರೆ ಎರಡು ಪ್ರಯಾಣಗಳಾಗಬೇಕು: ಫೋನಿನಿಂದ ದಫ್ತರಕ್ಕೆ ಒಂದು, ದಫ್ತರದಿಂದ ಕಂಪ್ಯೂಟರಿಗೆ ಇನ್ನೊಂದು. ಎರಡರಲ್ಲಿ ಯಾವುದು ಕೆಟ್ಟರೂ ನಮಗೆ ಹೊರಗಿನಿಂದ ಕಾಣುವ ಲಕ್ಷಣ ಒಂದೇ.

ಹೀಗಿರುವುದರಿಂದ ನಡುವಿನ ದಫ್ತರವನ್ನು ನೋಡುವುದೇ ಮೊದಲ ಪರೀಕ್ಷೆ. ವಿದ್ಯುತ್ತಿನ ತಂತಿಯಲ್ಲಿ ಕಡಿತವೆಲ್ಲಿದೆಯೆಂದು ತಿಳಿಯಲು ಮೊದಲು ನಡುವಿನಲ್ಲಿ ಮುಟ್ಟಿ ನೋಡುವ ಕುಶಲಿಯು ಒಂದೇ ಪರೀಕ್ಷೆಯಿಂದ ಅರ್ಧ ತಂತಿಯನ್ನು ಸಂಶಯದಿಂದ ಬಿಡಿಸುತ್ತಾನಲ್ಲವೆ? ಇಲ್ಲಿಯೂ ಹಾಗೆಯೇ. ಹುಡುಗಿಯ ಖಾತೆ ಗೂಗಲಿನದು. ಕಂಪ್ಯೂಟರಿನ ಬ್ರೌಸರಿನಲ್ಲಿ `contacts.google.com` ಎಂಬ ತಾಣವನ್ನು ತೆರೆದೆವು. ಇದು ಫೋನಿನ ಪ್ರತಿಯೂ ಅಲ್ಲ, ಥಂಡರ್‌ಬರ್ಡಿನ ಪ್ರತಿಯೂ ಅಲ್ಲ, ದಫ್ತರವೇ. ಮೇಷ್ಟರ ಹೆಸರು ಅಲ್ಲಿತ್ತು, ಫೋನ್ ನಂಬರಿತ್ತು, ಹಳೆಯ ಈಮೇಲ್ ವಿಳಾಸವಿತ್ತು. ಹೊಸ ವಿಳಾಸವಿರಲಿಲ್ಲ.

ಇಷ್ಟರಿಂದಲೇ ಒಂದು ಸಂಗತಿ ಸ್ಥಿರವಾಯಿತು. ಥಂಡರ್‌ಬರ್ಡ್ ನಿರಪರಾಧಿ. ದಫ್ತರದಲ್ಲಿಲ್ಲದುದನ್ನು ಅದು ತರುವುದಾದರೂ ಹೇಗೆ? ದೋಷ ಫೋನಿನ ಕಡೆಯ ಅರ್ಧದಲ್ಲಿದೆ. ಇದಕ್ಕೆ ಪ್ರತಿಯಾಗಿ, ದಫ್ತರದಲ್ಲಿ ಹೊಸ ವಿಳಾಸವಿದ್ದು ಥಂಡರ್‌ಬರ್ಡಿನಲ್ಲಿ ಇಲ್ಲದಿದ್ದರೆ ಫೋನನ್ನು ಮುಟ್ಟುವ ಅಗತ್ಯವೇ ಇರುತ್ತಿರಲಿಲ್ಲ.

ಆದರೆ ಇಲ್ಲಿ ಒಂದು ವಿಚಿತ್ರ ಎದುರಾಯಿತು. ಫೋನಿನಲ್ಲಿ ಮೇಷ್ಟರ ಹೆಸರನ್ನು ಮುಟ್ಟಿದರೆ ಒಂದೇ ಪುಟ ತೆರೆಯುತ್ತದೆ. ಆ ಪುಟದಲ್ಲಿ ನಂಬರು, ಹಳೆಯ ವಿಳಾಸ, ಹೊಸ ವಿಳಾಸ ಮೂರೂ ಇವೆ. ಒಂದೇ ಪುಟದ ಎರಡು ಸಾಲು ದಫ್ತರಕ್ಕೆ ಹೋಗಿ ಮೂರನೆಯದು ಮಾತ್ರ ಉಳಿದದ್ದು ಹೇಗೆ? ಹುಡುಗಿ ಇದನ್ನು ಫೋನಿನ ದೋಷವೆಂದಳು. ಫೋನಿನ ವಿಳಾಸಪಟ್ಟಿಯ ಒಳರಚನೆಯನ್ನು ತಿಳಿದರೆ ದೋಷವೆಂದು ತೋರುವುದಿಲ್ಲ.

ಆಂಡ್ರಾಯ್ಡ್ ಫೋನುಗಳಲ್ಲಿ 2009ರಲ್ಲಿ ಬಂದ 2.0ನೆಯ ಆವೃತ್ತಿಯಿಂದ ವಿಳಾಸಪಟ್ಟಿಯನ್ನು ಎರಡು ಅಂತಸ್ತುಗಳಲ್ಲಿ ಇಟ್ಟಿದ್ದಾರೆ. ಕೆಳಗಿನ ಅಂತಸ್ತಿನಲ್ಲಿ ಬಿಡಿ ಚೀಟಿಗಳಿವೆ. ಪ್ರತಿಯೊಂದು ಚೀಟಿಗೂ ಅದು ಯಾವ ಖಾತೆಗೆ ಸೇರಿದ್ದೆಂಬ ಗುರುತನ್ನು `account_name` ಮತ್ತು `account_type` ಎಂಬ ಎರಡು ಅಂಕಣಗಳಲ್ಲಿ ಬರೆದಿರುತ್ತದೆ. ಮೇಲಿನ ಅಂತಸ್ತಿನಲ್ಲಿರುವುದು ನಮ್ಮ ಕಣ್ಣಿಗೆ ಕಾಣುವ ಪುಟ. ಎರಡು ಬೇರೆ ಖಾತೆಗಳ ಚೀಟಿಗಳಲ್ಲಿ ಹೆಸರು, ನಂಬರು ಮೊದಲಾದವು ಹೊಂದಿದರೆ, ಇವು ಒಬ್ಬರೇ ವ್ಯಕ್ತಿಯವೆಂದು ಫೋನು ಊಹಿಸಿ ಎರಡನ್ನೂ ಒಂದೇ ಪುಟದಲ್ಲಿ ತೋರಿಸುತ್ತದೆ. ಹೀಗೆ ತೋರಿಸುವುದು ಕೇವಲ ತೋರಿಕೆ, ಚೀಟಿಗಳು ಬೆರೆಯುವುದಿಲ್ಲ. ಎರಡು ಗಾಜಿನ ಹಲಗೆಗಳ ಮೇಲೆ ಬೇರೆ ಬೇರೆ ಬರೆದು ಒಂದರ ಮೇಲೊಂದಿಟ್ಟು ನೋಡಿದರೆ ಬರೆಹ ಒಂದೇ ಎಂಬಂತೆ ಕಾಣುವುದಲ್ಲವೆ, ಹಾಗೆ. ಸಿಂಕ್ ಕೆಲಸ ನಡೆಯುವುದು ಕೆಳಗಿನ ಚೀಟಿಗಳ ಮಟ್ಟದಲ್ಲಿ. ಗೂಗಲ್ ಖಾತೆಯ ಗುರುತುಳ್ಳ ಚೀಟಿ ಗೂಗಲಿನ ದಫ್ತರಕ್ಕೆ ಹೋಗುತ್ತದೆ. ಖಾತೆಯೇ ಇಲ್ಲದೆ ಫೋನಿನಲ್ಲಿ ಮಾತ್ರ ಉಳಿಸಿದ ಚೀಟಿ ಎಲ್ಲಿಗೂ ಹೋಗುವುದಿಲ್ಲ.

ಪರೀಕ್ಷಿಸಿ ನೋಡಿದೆವು. ಗೂಗಲಿನ Contacts ಎಂಬ ಆ್ಯಪಿನಲ್ಲಿ ಮೇಷ್ಟರ ಪುಟವನ್ನು ತೆರೆದು, ಮೂಲೆಯ ಮೂರು ಚುಕ್ಕೆಗಳನ್ನು ಒತ್ತಿ, `View linked contacts` ಎಂಬುದನ್ನು ಆರಿಸಿದಾಗ ಎರಡು ಚೀಟಿಗಳು ಹೊರಬಂದುವು. ಒಂದು ಅವಳ ಗೂಗಲ್ ಖಾತೆಯದು. ಅದರಲ್ಲಿ ನಂಬರೂ ಹಳೆಯ ವಿಳಾಸವೂ ಇದ್ದುವು. ಎರಡನೆಯದರ ಮೇಲೆ `Device` ಎಂದಿತ್ತು. ಅದರಲ್ಲಿ ಅದೇ ನಂಬರು ಮತ್ತು ಹೊಸ ವಿಳಾಸ. ಇದು ಹೇಗೆ ಬಂತೆಂದು ಕೇಳಿದೆ. ಸ್ವಲ್ಪ ಯೋಚಿಸಿ ಜ್ಞಾಪಿಸಿಕೊಂಡಳು: ಮೇಷ್ಟರು ನಿವೃತ್ತರಾದಾಗ ಸಹಪಾಠಿಯೊಬ್ಬಳು ಅವರ ಹೊಸ ವಿಳಾಸವನ್ನು ಒಂದು ಚೀಟಿಯ ರೂಪದಲ್ಲಿಯೇ ಕಳುಹಿಸಿದ್ದಳು, ಇವಳು ಅದನ್ನು ಮುಟ್ಟಿ ಉಳಿಸಿದ್ದಳು. ಉಳಿಸುವಾಗ ಯಾವ ಖಾತೆಯಲ್ಲೆಂದು ಫೋನು ಕೇಳಿರಬಹುದು, ಕೇಳದೆಯೂ ಇರಬಹುದು. ಹೊಸ ಚೀಟಿಗಳನ್ನು ಎಲ್ಲಿಡಬೇಕೆಂಬ ಪೂರ್ವನಿರ್ಧಾರವೊಂದು ಪ್ರತಿಯೊಂದು ಫೋನಿನಲ್ಲಿಯೂ ಇರುತ್ತದೆ. ಅವಳ ಫೋನಿನಲ್ಲಿ ಅದು `Device` ಎಂದಿತ್ತು.

ಹೀಗೆ ಕಳುಹಿಸುವ ಚೀಟಿಗೆ ವಿಕಾರ್ಡ್ ಎಂದು ಹೆಸರು. ಅದು ಸಾದಾ ಅಕ್ಷರಗಳ ಒಂದು ಸಣ್ಣ ಕಡತ. ಅದರ ರೂಪವನ್ನು ಒಮ್ಮೆ ನೋಡಿದರೆ ಮೇಲಿನ ವಿಚಾರ ಇನ್ನೂ ಸ್ಪಷ್ಟವಾಗುವುದು:

```
BEGIN:VCARD
VERSION:3.0
UID:7c1f0a92-meshtaru
N:;ಸಸ್ಯಶಾಸ್ತ್ರದ ಮೇಷ್ಟರು;;;
FN:ಸಸ್ಯಶಾಸ್ತ್ರದ ಮೇಷ್ಟರು
EMAIL:hosa-vilasa@example.org
END:VCARD
```

ಇದರಲ್ಲಿ ಹೆಸರಿದೆ, ವಿಳಾಸವಿದೆ, `UID` ಎಂಬ ಸಾಲಿನಲ್ಲಿ ಈ ಚೀಟಿಯನ್ನು ಉಳಿದೆಲ್ಲ ಚೀಟಿಗಳಿಂದ ಬೇರ್ಪಡಿಸುವ ಗುರುತಿದೆ. ಆದರೆ ಯಾವ ಖಾತೆಯದು ಎಂಬ ಸಾಲು ಇಲ್ಲವೆಂಬುದನ್ನು ವಾಚಕರು ಗಮನಿಸಬೇಕು. ಖಾತೆಯೆಂಬುದು ಚೀಟಿಯ ಗುಣವಲ್ಲ; ಚೀಟಿಯನ್ನು ಇಟ್ಟ ಪೆಟ್ಟಿಗೆಯ ಗುಣ. ಆದುದರಿಂದಲೇ ಒಬ್ಬರು ಕಳುಹಿಸಿದ ಚೀಟಿ ಇನ್ನೊಬ್ಬರಲ್ಲಿ ಯಾವ ಪೆಟ್ಟಿಗೆಗಾದರೂ ಬೀಳಬಹುದು; ಚೀಟಿಯನ್ನು ಎಷ್ಟು ಹೊತ್ತು ದಿಟ್ಟಿಸಿದರೂ ಅದು ತಿಳಿಯದು.

ಈಗ ಇತರ ಚೀಟಿಗಳ ಗತಿಯೇನು? ಮೇಷ್ಟರದೊಂದೇ ಹೀಗಾಗಿದ್ದರೆ ಸರಿಪಡಿಸಿ ಎದ್ದುಬಿಡಬಹುದಾಗಿತ್ತು. ಎಣಿಸಿ ನೋಡುವುದು ಮೇಲೆಂದು ತೋರಿತು. Contacts ಆ್ಯಪಿನ ಮೇಲ್ಭಾಗದಲ್ಲಿ ಖಾತೆಯ ಚಿತ್ರವನ್ನು ಮುಟ್ಟಿದರೆ ಎಲ್ಲ ಖಾತೆಗಳನ್ನೂ ಒಟ್ಟಿಗೆ ನೋಡಬಹುದು, ಒಂದೊಂದನ್ನೇ ಆರಿಸಿಯೂ ನೋಡಬಹುದು. ಒಟ್ಟಿಗೆ ನೋಡಿದಾಗ 214 ಹೆಸರುಗಳು. ಬಿಡಿಬಿಡಿಯಾಗಿ ನೋಡಿದಾಗ: ಅವಳ ಸ್ವಂತ ಗೂಗಲ್ ಖಾತೆಯಲ್ಲಿ 128, ಕಾಲೇಜು ಕೊಟ್ಟ ಖಾತೆಯಲ್ಲಿ 37, ಫೋನಿನಲ್ಲಿ ಮಾತ್ರ 46, ಸಿಮ್ಮಿನಲ್ಲಿ 22. ಕೂಡಿಸಿ: 233. ಒಟ್ಟಿಗೆ ಕಂಡ ಹೆಸರುಗಳಿಗಿಂತ ಹತ್ತೊಂಬತ್ತು ಹೆಚ್ಚು!

ವಾಚಕರು ಇಲ್ಲಿ ಒಂದು ಕ್ಷಣ ನಿಂತು ಕಾರಣವನ್ನು ತಾವೇ ಊಹಿಸಬಹುದು. 233 ಎಂಬುದು ಕೆಳಗಿನ ಅಂತಸ್ತಿನ ಚೀಟಿಗಳ ಸಂಖ್ಯೆ. 214 ಮೇಲಿನ ಅಂತಸ್ತಿನ ಪುಟಗಳ ಸಂಖ್ಯೆ. ಒಂದು ಪುಟದ ಹಿಂದೆ ಎರಡಕ್ಕಿಂತ ಹೆಚ್ಚು ಚೀಟಿಗಳು ಎಲ್ಲಿಯೂ ಇಲ್ಲವೆಂದು ಇಟ್ಟುಕೊಂಡರೆ, ಹತ್ತೊಂಬತ್ತು ಹೆಸರುಗಳು ಮೇಷ್ಟರ ಹೆಸರಿನಂತೆಯೇ ಎರಡು ಪೆಟ್ಟಿಗೆಗಳಲ್ಲಿ ಹಂಚಿಹೋಗಿವೆ. ಇವೇ ಹೆಚ್ಚು ಅಪಾಯಕರವಾದುವು. ಕಂಪ್ಯೂಟರಿನಲ್ಲಿ ಹೆಸರೇ ಇಲ್ಲದಿದ್ದರೆ ನಾವು ಹುಡುಕುತ್ತೇವೆ. ಹೆಸರಿದ್ದು ವಿಳಾಸ ಹಳೆಯದಾಗಿದ್ದರೆ ಸಂಶಯವೇ ಬರುವುದಿಲ್ಲ.

ದಫ್ತರದ ತಾಣದಲ್ಲಿ ಸಂಖ್ಯೆ 128. ಥಂಡರ್‌ಬರ್ಡಿನಲ್ಲಿ ಅವಳ ಗೂಗಲ್ ವಿಳಾಸಪುಸ್ತಕದಲ್ಲಿಯೂ 128. ಹಾಗಾದರೆ ಸ್ವಂತ ಖಾತೆಯ ಮಟ್ಟಿಗೆ ಎರಡು ಪ್ರಯಾಣಗಳೂ ಸುಗಮವಾಗಿಯೇ ನಡೆಯುತ್ತಿದ್ದುವು. ಆದರೂ ಸಂಖ್ಯೆ ಹೊಂದಿತೆಂದ ಮಾತ್ರಕ್ಕೆ ಇಂದಿನ ಬದಲಾವಣೆ ಇಂದೇ ಮುಟ್ಟುವುದೆಂದು ಸಿದ್ಧವಾಗುವುದಿಲ್ಲ. ಆದ್ದರಿಂದ ದಫ್ತರದಲ್ಲಿ "ಪರೀಕ್ಷೆ" ಎಂಬ ಹೆಸರಿನ ಒಂದು ಚೀಟಿಯನ್ನು ಹೊಸದಾಗಿ ಬರೆದೆವು. ಒಂದೆರಡು ನಿಮಿಷಗಳಲ್ಲಿ ಅದು ಫೋನಿನಲ್ಲಿ ಕಂಡಿತು. ಥಂಡರ್‌ಬರ್ಡಿನಲ್ಲಿ ಕಾಣಲಿಲ್ಲ. ಹುಡುಗಿ ಗಾಬರಿಯಾದಳು. ಗಾಬರಿಗೆ ಕಾರಣವಿರಲಿಲ್ಲ: ಥಂಡರ್‌ಬರ್ಡ್ ದಫ್ತರವನ್ನು ತಾನಾಗಿ ವಿಚಾರಿಸುವುದು ನಿಗದಿಯಾದ ಅವಧಿಗೊಮ್ಮೆ, ಬೇರೆ ಹೇಳದಿದ್ದರೆ ಈ ಅವಧಿ 30 ನಿಮಿಷ. ವಿಳಾಸಪುಸ್ತಕದ ಹೆಸರಿನ ಮೇಲೆ ಮೌಸಿನ ಬಲಗುಂಡಿ ಒತ್ತಿ `Synchronize` ಎಂದಾಗ ಚೀಟಿ ಬಂದಿತು. ಸಿಂಕ್ ಗುಂಡಿಗೆ ನಿಜವಾದ ಉಪಯೋಗವಿರುವುದು ಇಷ್ಟೇ; ಕಾಯುವ ಕಾಲವನ್ನು ಅದು ಉಳಿಸುತ್ತದೆ, ತಪ್ಪು ಪೆಟ್ಟಿಗೆಯಲ್ಲಿರುವುದನ್ನು ಸರಿಯಾದ ಪೆಟ್ಟಿಗೆಗೆ ತರುವುದಿಲ್ಲ.

ಒಂದು ವೇಳೆ "ಪರೀಕ್ಷೆ" ಫೋನಿಗೆ ಬಾರದೆ ಹೋಗಿದ್ದರೆ? ಆಗ ಫೋನಿನ ಸೆಟ್ಟಿಂಗ್ಸಿನಲ್ಲಿ ಖಾತೆಗಳ ಪುಟಕ್ಕೆ ಹೋಗಿ, ಆ ಖಾತೆಯ `Account sync` ಎಂಬಲ್ಲಿ `Contacts` ಎದುರಿನ ಗುಂಡಿ ಆರಿದೆಯೇ ಎಂದು ನೋಡಬೇಕಾಗಿತ್ತು. ಕೊನೆಯ ಸಲ ತಾಳೆಯಾದ ಸಮಯವೂ ಅಲ್ಲಿಯೇ ಕಾಣುತ್ತದೆ. ಮೇಲ್ ಬರುತ್ತಿದೆ, ಆದುದರಿಂದ ವಿಳಾಸಗಳೂ ಬರುತ್ತಿರಬೇಕು ಎಂಬ ತರ್ಕ ನಡೆಯದು. ಪ್ರತಿಯೊಂದಕ್ಕೂ ಪ್ರತ್ಯೇಕ ಗುಂಡಿಯಿದೆ.

ಇದೇ ತರ್ಕದ ತಪ್ಪು ಕಂಪ್ಯೂಟರಿನ ಕಡೆಯಲ್ಲಿ ಇನ್ನೂ ವ್ಯಾಪಕವಾಗಿದೆ. ಹುಡುಗಿಯ ಗೆಳತಿಯೊಬ್ಬಳ ಥಂಡರ್‌ಬರ್ಡಿನಲ್ಲಿ ಗೂಗಲ್ ಮೇಲ್ ಬರುತ್ತದೆ, ವಿಳಾಸ ಒಂದೂ ಬರುವುದಿಲ್ಲವಂತೆ. ಮೇಲ್ ಬರುವುದು ಐಮ್ಯಾಪ್ ಎಂಬ ನಿಯಮಾವಳಿಯಿಂದ. ಆ ನಿಯಮಾವಳಿಗೆ ಗೊತ್ತಿರುವುದು ಪತ್ರಗಳು ಮತ್ತು ಪತ್ರಗಳ ಪೆಟ್ಟಿಗೆಗಳು ಮಾತ್ರ. ವಿಳಾಸಪಟ್ಟಿಯೆಂಬ ಶಬ್ದವೇ ಅದರಲ್ಲಿಲ್ಲ. ವಿಳಾಸಗಳನ್ನು ತಾಳೆ ನೋಡಲು ಕಾರ್ಡ್‌ಡಾವ್ ಎಂಬ ಬೇರೊಂದು ನಿಯಮಾವಳಿಯಿದೆ. ಅದು 2011ರಲ್ಲಿ ಪ್ರಕಟವಾಯಿತು. ದಫ್ತರವು ಪ್ರತಿ ಚೀಟಿಗೂ ಒಂದು ಪರಿಷ್ಕರಣದ ಮುದ್ರೆಯನ್ನು ಹಾಕಿರುತ್ತದೆ. ಚೀಟಿ ತಿದ್ದಿದಾಗಲೆಲ್ಲ ಮುದ್ರೆ ಬದಲಾಗುತ್ತದೆ. ತಂತ್ರಾಂಶವು ಮುದ್ರೆಗಳನ್ನು ಮಾತ್ರ ಹೋಲಿಸಿ, ಬದಲಾದ ಚೀಟಿಗಳನ್ನಷ್ಟೇ ತರಿಸಿಕೊಳ್ಳುತ್ತದೆ. ಥಂಡರ್‌ಬರ್ಡಿಗೆ ಈ ನಿಯಮಾವಳಿಯ ಪರಿಚಯ ಅದರೊಳಗೇ ದೊರೆತದ್ದು 2021ರ 91ನೆಯ ಆವೃತ್ತಿಯಿಂದ. ಅದಕ್ಕೆ ಹಿಂದೆ ಬೇರೆ ಸೇರ್ಪಡೆಗಳನ್ನು ಹುಡುಕಿ ಹಾಕಿಕೊಳ್ಳಬೇಕಾಗಿತ್ತು. ಈಗ ವಿಳಾಸಪುಸ್ತಕದ ಕಿಟಕಿಯಲ್ಲಿ ಹೊಸ ಪುಸ್ತಕ ಸೇರಿಸುವ ಆಯ್ಕೆಗಳ ಪೈಕಿ `CardDAV` ಎಂಬ ಹೆಸರಿರುವುದನ್ನು ಆರಿಸಿ, `Username` ಎಂಬಲ್ಲಿ ಈಮೇಲ್ ವಿಳಾಸವನ್ನು ಬರೆದು ಮುಂದುವರಿದರೆ, ಗೂಗಲಿನ ಒಪ್ಪಿಗೆಯ ಪುಟ ತೆರೆಯುತ್ತದೆ. ಒಪ್ಪಿಗೆ ಕೊಟ್ಟ ಮೇಲೆ ದೊರೆಯುವ ಪುಸ್ತಕಗಳ ಪಟ್ಟಿ ಬರುತ್ತದೆ. ಬೇಕಾದುದಕ್ಕೆ ಗುರುತು ಹಾಕಬೇಕು. ಎರಡು ಖಾತೆಗಳಿದ್ದರೆ ಎರಡು ಸಲ ಹೀಗೆ ಮಾಡಬೇಕು.

ಥಂಡರ್‌ಬರ್ಡಿನ ಎಡಗಡೆಯ ಪಟ್ಟಿಯಲ್ಲಿ `Personal Address Book` ಮತ್ತು `Collected Addresses` ಎಂಬ ಎರಡು ಪುಸ್ತಕಗಳು ಮೊದಲಿನಿಂದಲೂ ಇರುತ್ತವೆ. ಇವು ಕಂಪ್ಯೂಟರಿನೊಳಗೇ ಇರುವ ಪುಸ್ತಕಗಳು. ಫೋನಿನ `Device` ಪೆಟ್ಟಿಗೆಗೆ ಸರಿಸಮಾನ. ಇಲ್ಲಿ ಬರೆದುದು ಯಾವ ದಫ್ತರಕ್ಕೂ ಹೋಗದು. ಎರಡನೆಯದರಲ್ಲಿ, ನಾವು ಯಾರಿಗೆ ಪತ್ರ ಕಳುಹಿಸಿದೆವೋ ಅವರ ವಿಳಾಸ ತಾನಾಗಿ ಸೇರುತ್ತ ಹೋಗುತ್ತದೆ. ಮೇಷ್ಟರ ಹಳೆಯ ವಿಳಾಸ ಅದರಲ್ಲಿಯೂ ಇತ್ತು! ಗೂಗಲಿನ ಚೀಟಿಯನ್ನು ಮಾತ್ರ ತಿದ್ದಿ ನಾವು ಎದ್ದಿದ್ದರೆ, ಮೂರು ಅಕ್ಷರ ಹೊಡೆದಾಗ ಹಳೆಯ ವಿಳಾಸ ಮತ್ತೆ ತಲೆಯೆತ್ತುತ್ತಿತ್ತು. ಅದನ್ನು ಅಲ್ಲಿಂದ ಅಳಿಸಿದೆವು. ಗೂಗಲಿನಲ್ಲಿಯೂ `Other contacts` ಎಂಬ ಇಂತಹ ಒಂದು ತಾನೇ ತುಂಬುವ ಪಟ್ಟಿಯಿದೆ. ಅದರಲ್ಲಿರುವ ಹೆಸರುಗಳು ಫೋನಿಗೆ ಬರುವುದಿಲ್ಲ. ತಾಣದಲ್ಲಿ ಹುಡುಕಿದಾಗ ಹೆಸರು ಸಿಕ್ಕಿತೆಂದು ಸಂತೋಷಪಡುವ ಮೊದಲು ಅದು ಯಾವ ಪಟ್ಟಿಯಲ್ಲಿ ಸಿಕ್ಕಿತೆಂದು ನೋಡಬೇಕು.

ಇನ್ನು ಸರಿಪಡಿಸುವ ಕೆಲಸ. ಕೈಹಾಕುವ ಮೊದಲು ಎಲ್ಲ ಪೆಟ್ಟಿಗೆಗಳ ಪ್ರತಿಯನ್ನೂ ತೆಗೆದಿಡುವಂತೆ ಒತ್ತಾಯಿಸಿದೆ. ಹುಡುಗಿಗೆ ಇದು ಅನಾವಶ್ಯಕವೆನಿಸಿತು, "ಸಿಂಕ್ ಇದ್ದ ಮೇಲೆ ಪ್ರತಿ ಏತಕ್ಕೆ?" ಎಂದಳು. ಸಿಂಕ್ ಪ್ರತಿಯಲ್ಲ, ಕನ್ನಡಿ. ಒಂದು ಕಡೆ ಅಳಿಸಿದರೆ ಎಲ್ಲ ಕಡೆಯೂ ಅಳಿಯುತ್ತದೆ. ಗೂಗಲಿನಲ್ಲಿ ಅಳಿಸಿದ ಚೀಟಿಗಳು 30 ದಿನ `Trash` ಎಂಬಲ್ಲಿ ಉಳಿಯುತ್ತವೆಂಬುದು ನಿಜ. `Device` ಪೆಟ್ಟಿಗೆಗೆ ಈ ಆಸರೆಯನ್ನು ನೆಚ್ಚುವಂತಿಲ್ಲ. ಫೋನು ಕಳೆದರೆ ಅಥವಾ ಅದನ್ನು ಹೊಸದರಂತೆ ಒರೆಸಿ ಪ್ರಾರಂಭಿಸಿದರೆ ಅಲ್ಲಿರುವ 46 ಚೀಟಿಗಳಿಗೆ ಬೇರೆಲ್ಲಿಯೂ ಮೂಲವಿಲ್ಲ. ಆ್ಯಪಿನ `Export` ಎಂಬ ಆಯ್ಕೆಯಿಂದ ಚೀಟಿಗಳೆಲ್ಲ ಒಂದೇ ವಿಕಾರ್ಡ್ ಕಡತವಾಗಿ ದೊರೆತವು. ಅದನ್ನು ಪೆನ್ ಡ್ರೈವಿನಲ್ಲಿಟ್ಟೆವು.

ಮೊದಲು ಮೇಷ್ಟರ `Device` ಚೀಟಿಯನ್ನು ತೆರೆದು `Move to another account` ಎಂಬುದರಿಂದ ಸ್ವಂತ ಖಾತೆಗೆ ಸರಿಸಿದೆವು. ತಾಣವನ್ನು ಮತ್ತೆ ನೋಡಿದರೆ ಮೇಷ್ಟರ ಹೆಸರು ಈಗ ಎರಡು ಸಲ! ಇದು ನಿರೀಕ್ಷಿತವೇ. ಫೋನಿನಲ್ಲಿ ಇದ್ದದ್ದು ಗಾಜಿನ ಹಲಗೆಗಳ ಜೋಡಣೆ. ಚೀಟಿಗಳು ಎರಡಾಗಿಯೇ ದಫ್ತರ ಸೇರಿದುವು. ತಾಣದ `Merge & fix` ಎಂಬ ಪುಟದಲ್ಲಿ ಎರಡನ್ನೂ ಕೂಡಿಸಿ ಒಂದೇ ಚೀಟಿ ಮಾಡಿ, ಹಳೆಯ ವಿಳಾಸವನ್ನು ಅಳಿಸಿದೆವು. ಥಂಡರ್‌ಬರ್ಡಿನಲ್ಲಿ `Synchronize` ಒತ್ತಿದಾಗ ಹೊಸ ವಿಳಾಸವೊಂದೇ ಬಂದಿತು. ಈ ಒಂದರ ದಾರಿ ಪೂರ್ಣವಾಗಿ ಕಂಡ ಮೇಲೆಯೇ ಉಳಿದ 45ಕ್ಕೆ ಕೈಹಾಕಿದ್ದು. ಸಿಮ್ಮಿನ 22ನ್ನು ಆ್ಯಪಿನ ಆಮದು ಸೌಕರ್ಯದಿಂದ ಸ್ವಂತ ಖಾತೆಗೆ ತಂದೆವು. ಸಿಮ್ಮಿನ ಸಾಮಾನ್ಯ ದಾಖಲೆಯಲ್ಲಿ ಇರುವುದು ಒಂದು ಮೊಟಕು ಹೆಸರು, ಒಂದು ನಂಬರು ಇಷ್ಟೇ; ಅಲ್ಲಿಂದ ಈಮೇಲ್ ವಿಳಾಸವನ್ನು ನಿರೀಕ್ಷಿಸುವುದು ವ್ಯರ್ಥ.

ನಿಜವಾಗಿ ನನ್ನನ್ನು ಚಿಂತೆಗೀಡುಮಾಡಿದುದು ಕಾಲೇಜಿನ ಖಾತೆಯ 37. ಅವು ಸಿಂಕ್ ಆಗುತ್ತಿದ್ದುವು, ಅಚ್ಚುಕಟ್ಟಾಗಿಯೇ. ಆದರೆ ಕಾಲೇಜಿನ ದಫ್ತರಕ್ಕೆ. ಹುಡುಗಿಯ ವ್ಯಾಸಂಗ ಮುಗಿದ ಮೇಲೆ ಆ ಖಾತೆಯನ್ನು ಮುಚ್ಚುವುದಾಗಿ ಅವಳಿಗೆ ತಿಳಿಸಿದ್ದರು. ಮುಚ್ಚಿದ ದಿನ ಆ ಚೀಟಿಗಳ ಮೂಲವೇ ಇಲ್ಲದಂತಾಗುವುದು. ಖಾತೆಯನ್ನು ಫೋನಿನಿಂದ ತೆಗೆದೊಡನೆ ಪ್ರತಿಯೂ ಹೋಗುವುದು. ನಾಲ್ಕು ವರ್ಷಗಳ ಕ್ಷೇತ್ರಕಾರ್ಯದಲ್ಲಿ ಪರಿಚಯವಾದ ಅರಣ್ಯಾಧಿಕಾರಿಗಳು, ಹರ್ಬೇರಿಯಮ್ಮಿನವರು, ಸಹಪಾಠಿಗಳು ಎಲ್ಲರೂ ಅದರಲ್ಲಿಯೇ ಇದ್ದರು. ಕಂಪ್ಯೂಟರಿನಲ್ಲಿ ಕಾಲೇಜಿನ ಖಾತೆಯಿಂದ ತಾಣಕ್ಕೆ ಹೋಗಿ ಅವನ್ನು ಕಡತವಾಗಿ ಇಳಿಸಿಕೊಂಡು, ಸ್ವಂತ ಖಾತೆಯಿಂದ ಒಳಹೋಗಿ ಆಮದು ಮಾಡಿಕೊಂಡಳು.

128, 46, 22, 37 ಎಲ್ಲವೂ ಒಂದೇ ಪೆಟ್ಟಿಗೆ ಸೇರಿ 233 ಆದುವು. ಜೋಡಿಯಾಗಿದ್ದ ಹತ್ತೊಂಬತ್ತನ್ನು ಕೂಡಿಸಿದಾಗ 214. ಫೋನು ಮೊದಲ ದಿನ ತೋರಿಸಿದ ಅದೇ ಸಂಖ್ಯೆ! ನಮ್ಮ ಲೆಕ್ಕದಲ್ಲಿ ಯಾವ ಚೀಟಿಯೂ ಬಿಟ್ಟುಹೋಗಿಲ್ಲವೆಂದು ತಿಳಿದದ್ದು ಇದರಿಂದ. ಥಂಡರ್‌ಬರ್ಡಿನ `Personal Address Book` ನಲ್ಲಿದ್ದ ಒಂಬತ್ತರಲ್ಲಿ ಆರು ಯಾವ ಕಾಲದವೋ. ಬೇಕಾದ ಮೂರನ್ನು ಗೂಗಲಿನ ಪುಸ್ತಕಕ್ಕೆ ಸೇರಿಸಿದಳು. ಒಟ್ಟು 217. "ಪರೀಕ್ಷೆ"ಯನ್ನು ಅಳಿಸಲು ಮರೆತು ಮೊದಲು 218 ಬಂದು, ಹತ್ತು ನಿಮಿಷ ತಲೆ ಕೆಡಿಸಿಕೊಂಡೆವೆಂಬುದನ್ನೂ ಹೇಳಿಬಿಡಬೇಕು.

ಕಡೆಯದಾಗಿ ಫೋನಿನ Contacts ಸೆಟ್ಟಿಂಗ್ಸಿನಲ್ಲಿ `Default account for new contacts` ಎಂಬುದನ್ನು `Device` ನಿಂದ ಸ್ವಂತ ಖಾತೆಗೆ ಬದಲಾಯಿಸಿದೆವು. ಇದನ್ನು ಮಾಡದಿದ್ದರೆ ಮರುದಿನ ಬರುವ ಮೊದಲ ಚೀಟಿಯೇ ಹಳೆಯ ದಾರಿ ಹಿಡಿಯುತ್ತಿತ್ತು. ಫೋನಿನ ತಯಾರಕರು ತಮ್ಮದೇ ಆ್ಯಪನ್ನು ಕೊಟ್ಟಿದ್ದರೆ ಈ ಹೆಸರುಗಳು ಸ್ವಲ್ಪ ಬೇರೆಯಾಗಿರುತ್ತವೆ. ಐಫೋನಿನಲ್ಲಿ Contacts ಆ್ಯಪಿನ `Lists` ಎಂಬ ಪುಟ ಖಾತೆಗಳನ್ನು ಬಿಡಿಬಿಡಿಯಾಗಿ ತೋರಿಸುತ್ತದೆ, ಪೂರ್ವನಿರ್ಧಾರದ ಹೆಸರು `Default Account`. ಖಾತೆ ಒಂದಕ್ಕಿಂತ ಹೆಚ್ಚಿದ್ದಾಗ ಇದು ಕಾಣಿಸುತ್ತದೆ. ಥಂಡರ್‌ಬರ್ಡಿನ ಸೆಟ್ಟಿಂಗ್ಸಿನಲ್ಲಿಯೂ ಕಳುಹಿಸಿದ ಪತ್ರಗಳ ವಿಳಾಸವನ್ನು ಯಾವ ಪುಸ್ತಕದಲ್ಲಿ ಕೂಡಿಡಬೇಕೆಂದು ಆರಿಸಬಹುದು, ಕೂಡಿಡುವುದೇ ಬೇಡವೆಂದೂ ಹೇಳಬಹುದು. ಹುಡುಗಿ ಬೇಡವೆಂದೇ ಹೇಳಿದಳು.

ಮೇಷ್ಟರ ಶಿಫಾರಸು ಪತ್ರ ಮಾರನೆಯ ದಿನ ಬೆಳಗ್ಗೆ ಬಂದಿತು. ಅದಕ್ಕೆ ವಂದನೆ ತಿಳಿಸಲು ಅವಳು ಕಂಪ್ಯೂಟರಿನಲ್ಲಿ ಮೂರು ಅಕ್ಷರ ಹೊಡೆದಳು. ತಂತ್ರಾಂಶ ಮುಂದಿಟ್ಟ ವಿಳಾಸವನ್ನು, ಒಪ್ಪುವ ಮೊದಲು, ಒಮ್ಮೆ ಪೂರ್ತಿಯಾಗಿ ಓದಿದಳು.